ತೊಂಬತ್ತೆರಡು ಪುಟದ ಅಧ್ಯಾಯ

ಬಂಗಾಳದ ಬ್ರಹ್ಮಸಮಾಜದ ಮೇಲೆ ಪಿಎಚ್‌.ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ತನ್ನ ಮೂರನೇ ಅಧ್ಯಾಯವನ್ನು ನನಗೆ ಓದಲು ಕೊಟ್ಟಳು. ಒಟ್ಟು 92 ಪುಟ. ಅವಳ ಗೈಡ್ "ತುಂಬಾ ಉದ್ದವಾಯ್ತಮ್ಮ, ಕಡಿಮೆ ಮಾಡು" ಎಂದಷ್ಟೇ ಹೇಳಿ ಕಳಿಸಿದ್ದರಂತೆ. ಅವಳು ಅಲ್ಲೊಂದು ಸಾಲು ಇಲ್ಲೊಂದು ಸಾಲು ಹೊಡೆದು ಮೂರು ಪುಟ ಇಳಿಸಿದ್ದಳು. ಹಾಗೆ ಸಾಲು ಹೊಡೆದರೆ ಅಧ್ಯಾಯ ಬಡಕಲಾಗುತ್ತದೆ, ಚಿಕ್ಕದಾಗುವುದಿಲ್ಲ.

ಅಧ್ಯಾಯದ ತಲೆಬರಹಗಳು ಹೀಗಿದ್ದವು: ಹಿನ್ನೆಲೆ, ರಾಜಾ ರಾಮಮೋಹನ ರಾಯ್, ದೇವೇಂದ್ರನಾಥ ಠಾಕೂರ್, ಕೇಶವಚಂದ್ರ ಸೇನ್, ಪರಿಣಾಮಗಳು. ಇವು ಯಾರ ಬಗ್ಗೆ ಎಂದು ಹೇಳುತ್ತವೆ, ಏನು ಎಂದು ಹೇಳುವುದಿಲ್ಲ. ಹೆಸರಿನ ಕೆಳಗೆ ಆ ಮನುಷ್ಯನಿಗೆ ಸಂಬಂಧಪಟ್ಟ ಯಾವ ಸಂಗತಿಯನ್ನೂ ತುಂಬಬಹುದು. ಅಧ್ಯಾಯ ಊದಿಕೊಂಡಿದ್ದು ಅಲ್ಲೇ.

ನಾವಿಬ್ಬರೂ ಎರಡು ದಿನ ಕೂತು ಪ್ರತಿ ಪ್ಯಾರಾದ ಪಕ್ಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದೊಂದು ಸಾಲು ಬರೆದೆವು: ಈ ಪ್ಯಾರಾ ಏನನ್ನು ಸಾಧಿಸುತ್ತದೆ? "ರಾಮಮೋಹನರ ಬಗ್ಗೆ" ಎಂದು ಬರೆಯುವಂತಿಲ್ಲ, ಪೂರ್ತಿ ವಾಕ್ಯವೇ ಬೇಕು. ಎಷ್ಟು ತಿಣುಕಿದರೂ ವಾಕ್ಯ ಹುಟ್ಟದ ಪ್ಯಾರಾಗಳಿಗೆ ಸೊನ್ನೆ ಹಾಕಿದೆವು. ಆಮೇಲೆ ಆ ಅಂಚಿನ ಸಾಲುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ ಓದಿದೆವು. ಒಂದೇ ಮಾತು ಮೂರು ಕಡೆ ಬಂದಿತ್ತು. ಅದಕ್ಕಿಂತ ಮುಖ್ಯವಾಗಿ, ಅವಳಿಗೇ ಗೊತ್ತಿಲ್ಲದೆ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತುತ್ತಿತ್ತು: ಧರ್ಮದ ವಿಷಯದಲ್ಲಿ ಕೊನೆಯ ಮಾತು ಯಾರದು?

ರಾಮಮೋಹನರು ಸತಿ ಪದ್ಧತಿಯನ್ನು ಶಾಸ್ತ್ರದ ಆಧಾರದ ಮೇಲೆಯೇ ಖಂಡಿಸಿದರು. 1850ರ ಹೊತ್ತಿಗೆ ದೇವೇಂದ್ರನಾಥರು ವೇದ ತಪ್ಪಿಲ್ಲದ್ದು ಎಂಬ ನಂಬಿಕೆಯನ್ನೇ ಕೈಬಿಟ್ಟು, ಶುದ್ಧ ಹೃದಯದ ಅರಿವೇ ಪ್ರಮಾಣ ಎಂದರು. ಆದರೆ ಯಾರ ಹೃದಯ? 1864ರ ಚಂಡಮಾರುತದಲ್ಲಿ ಸಮಾಜದ ಕಟ್ಟಡ ಕೆಟ್ಟು, ಪ್ರಾರ್ಥನೆ ದೇವೇಂದ್ರನಾಥರ ಮನೆಯಲ್ಲಿ ನಡೆಯಿತು. ಅಲ್ಲಿ ಜನಿವಾರ ಹಾಕಿದ ಹಳೆಯ ಆಚಾರ್ಯರು ಮತ್ತೆ ವೇದಿಕೆಯಲ್ಲಿ ಕೂತದ್ದು ಕೇಶವರ ಕಡೆಯ ತರುಣರಿಗೆ ಸಹಿಸಲಾಗಲಿಲ್ಲ. 1866ರಲ್ಲಿ ಸಮಾಜ ಒಡೆಯಿತು. 1872ರ ಮದುವೆ ಕಾಯ್ದೆ ಹುಡುಗಿಗೆ 14 ವರ್ಷ ತುಂಬಿರಬೇಕು ಎಂದಿತು. ಆ ಕಾಯ್ದೆಗಾಗಿ ದುಡಿದ ಕೇಶವರೇ 1878ರಲ್ಲಿ ಇನ್ನೂ 14 ತುಂಬದ ಮಗಳನ್ನು ಕೂಚ್ ಬಿಹಾರದ ರಾಜನಿಗೆ ಕೊಟ್ಟು, ಇದು ದೇವರ ಆದೇಶ ಎಂದರು. ಒಪ್ಪದವರು ಹೊರಬಂದು, ನಿಯಮಾವಳಿಯ ಪ್ರಕಾರ ನಡೆಯುವ ಸಾಧಾರಣ ಬ್ರಹ್ಮಸಮಾಜ ಕಟ್ಟಿದರು.

ಅವಳ ಹಳೆಯ ವಾದ "ಬ್ರಹ್ಮಸಮಾಜ ಸುಧಾರಣೆಯಲ್ಲಿ ಮಹತ್ವದ ಪಾತ್ರ ವಹಿಸಿತು" ಎಂದಿತ್ತು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆಯಲು ಬಾರದ್ದು ವಾದವಾಗುವುದಿಲ್ಲ. ಹೊಸದು ಹೀಗಾಯಿತು: ವೇದವನ್ನು ಇಳಿಸಿದ ಪೀಠ ಖಾಲಿ ಉಳಿಯಿತು, ಮುಂದಿನ ಎರಡು ಒಡಕುಗಳೂ ಆ ಪೀಠಕ್ಕಾಗಿ ನಡೆದ ಜಗಳಗಳೇ.

ಇದು ಕೈಗೆ ಸಿಕ್ಕ ಮೇಲೆ ಕತ್ತರಿ ಸಲೀಸಾಗಿ ಆಡಿತು. ಸತಿಯ ಬಗ್ಗೆ 22 ಪುಟಗಳಿದ್ದವು. "ಸರ್, ಸತಿ ಬಿಟ್ಟರೆ ಓದಿದವರು ಏನಂದುಕೊಳ್ತಾರೆ?" ಎಂದಳು. ಬಿಡಬೇಕಾಗಿರಲಿಲ್ಲ. 1829ರ ಕಾನೂನಿನ ಪೂರ್ತಿ ಕಥೆ ಹೋಯಿತು, ರಾಮಮೋಹನರು ಶಾಸ್ತ್ರವನ್ನು ಹೇಗೆ ಸಾಕ್ಷಿಗೆ ಕರೆದರು ಎಂಬ ನಾಲ್ಕು ಪುಟ ಉಳಿಯಿತು. ಮಂಗಳೂರಿನ ಬ್ರಹ್ಮಸಮಾಜ, ಕುದ್ಮುಲ್ ರಂಗರಾಯರ ಬಗ್ಗೆ ಬರೆದಿದ್ದ 11 ಪುಟ ಚೆನ್ನಾಗಿತ್ತು, ಆದರೆ ಈ ಪ್ರಶ್ನೆಗೆ ಸೇರಿದ್ದಲ್ಲ. ಅದನ್ನು ಬೇರೆ ಲೇಖನಕ್ಕೆಂದು ಎತ್ತಿಟ್ಟಳು.

ತಲೆಬರಹಗಳೂ ಬದಲಾದವು. "ಕೇಶವಚಂದ್ರ ಸೇನ್" ಎಂದಿದ್ದ ಕಡೆ "ಆದೇಶ ಕಾನೂನನ್ನು ಮೀರಿದಾಗ: 1878" ಬಂತು. ಒಂದು ಭಾಗದಿಂದ ಇನ್ನೊಂದಕ್ಕೆ ತಿರುಗುವ ಕಡೆ ಕೈಮರ ನೆಡಬೇಕು. ಮೊದಲು ಅವಳು "ಮುಂದಿನ ಭಾಗದಲ್ಲಿ ಕೇಶವರ ಬಗ್ಗೆ ಚರ್ಚಿಸಲಾಗುವುದು" ಎಂದು ಬರೆದಿದ್ದಳು. ತಿದ್ದಿದ ಮೇಲೆ: "ಹೃದಯವೇ ಪ್ರಮಾಣ ಎಂದ ಮೇಲೆ, ಇಬ್ಬರ ಹೃದಯ ಬೇರೆ ಬೇರೆ ನುಡಿದರೆ ತೀರ್ಪು ಯಾರದು? 1866ರಲ್ಲಿ ಎದುರಾದದ್ದು ಈ ಕಷ್ಟ." ಇಂಥವು ಭಾಗಕ್ಕೊಂದು ಸಾಕು. ಪ್ಯಾರಾಕ್ಕೊಂದು ನೆಟ್ಟರೆ ಓದುಗ ಕೈಮರಗಳನ್ನೇ ಎಡವುತ್ತಾನೆ.

ಇಂಥ ವಾದಕ್ಕೆ ಒಂದು ಅಪಾಯವೂ ಇದೆ: ಒಪ್ಪದ ಪುರಾವೆಯನ್ನು ಅದು ಸದ್ದಿಲ್ಲದೆ ಹೊರಗೆ ತಳ್ಳುತ್ತದೆ. 1866ರ ಜಗಳದಲ್ಲಿ ಜಾತಿಯ ಪ್ರಶ್ನೆ, ಟ್ರಸ್ಟಿಯಾಗಿ ದೇವೇಂದ್ರನಾಥರ ಕೈಯಲ್ಲಿದ್ದ ಆಡಳಿತ, ಮುದುಕರು ತರುಣರ ನಡುವಿನ ಅಂತರ, ಎಲ್ಲ ಸೇರಿದ್ದವು. ಜನಿವಾರದ ಜಗಳವನ್ನು ಬರೀ ಪ್ರಮಾಣದ ಜಗಳ ಎಂದರೆ ಅದು ಪೂರ್ತಿ ಸತ್ಯವಲ್ಲ. ಅದಕ್ಕೆ ಅವಳು ಕೊನೆಯಲ್ಲಿ "ಈ ವಾದಕ್ಕೆ ಒಗ್ಗದ ಸಂಗತಿಗಳು" ಎಂಬ ತಲೆಬರಹದಲ್ಲಿ ಎರಡು ಪುಟ ಸೇರಿಸಿದಳು. ಅದೂ ಸೇರಿ ಅಧ್ಯಾಯ 47 ಪುಟಕ್ಕೆ ನಿಂತಿತು.