ನೆತ್ತಿಯ ಸೂರ್ಯ ಮತ್ತು ಶಾಲೆಗೊಂದು ಈಮೇಲ್

ಮೇ ತಿಂಗಳು ಬಂತೆಂದರೆ ನಾನು ಶಾಲೆಗಳಿಗೆ ಪತ್ರ ಬರೆಯಲು ಕೂರುತ್ತೇನೆ. ಯಾವ ಕಂಪನಿಗೂ ಸೇರದೆ ಸ್ವಂತವಾಗಿ ಅನಿಮೇಷನ್ ಮಾಡುವವ ನಾನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಸಣ್ಣ ಶಾಲೆಗಳಿಗೆ ವಿಜ್ಞಾನದ ಪಾಠಗಳ ಮೇಲೆ ಮೂರು ಮೂರು ನಿಮಿಷದ ವಿಡಿಯೊ ಸರಣಿ ಮಾಡಿಕೊಡುತ್ತೇನೆ ಎಂದು ಕೇಳುವ ಈಮೇಲ್ ಅದು. ಅದನ್ನು ಹೇಗೆ ಬರೆಯಬೇಕು ಎಂಬುದರ ಬಗ್ಗೆ ನಮ್ಮ ಕಸುಬಿನವರಲ್ಲಿ ಬೇರು ಬಿಟ್ಟಿರುವ ಕೆಲವು ನಂಬಿಕೆಗಳಿವೆ. ಎರಡು ವರ್ಷ ಅವನ್ನೇ ನಂಬಿ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.

ನಂಬಿಕೆ: ಚೆಂದದ ಕೆಲಸ ತೋರಿಸಿದರೆ ಶಾಲೆ ಒಪ್ಪುತ್ತದೆ

ಹಳೆಯ ಕೆಲಸದ ತುಣುಕುಗಳನ್ನು ಜೋಡಿಸಿದ ಒಂದು ನಿಮಿಷದ ವಿಡಿಯೊ, ಬಳಸುವ ಸಾಫ್ಟ್‌ವೇರ್‌ಗಳ ಹೆಸರು, ಜಾಹೀರಾತಿಗೆ ದುಡಿದ ಅನುಭವ. ನನ್ನ ಮೊದಲ ಈಮೇಲ್‌ಗಳಲ್ಲಿ ಇದ್ದದ್ದು ಇಷ್ಟೇ. ಅನಿಮೇಷನ್ ಬಲ್ಲವರಿಗೆ ಇದರಲ್ಲಿ ಅರ್ಥವಿದೆ. ಆದರೆ ಓದುವವರು ಮುಖ್ಯೋಪಾಧ್ಯಾಯರು. ಅವರು ಬೆಳಗಿನ ಪ್ರಾರ್ಥನೆ ಮುಗಿಸಿ, ರಜೆ ಹಾಕಿದ ಶಿಕ್ಷಕರ ಪೀರಿಯಡ್ ಯಾರಿಗೆ ಕೊಡುವುದೆಂದು ನೋಡಿ, ಆಮೇಲೆ ಮೊಬೈಲ್‌ನಲ್ಲಿ ಇದನ್ನು ತೆರೆಯುತ್ತಾರೆ. ಅವರಿಗೆ ಬೇಕಾದದ್ದು ಮೂರೇ ಸಂಗತಿ: ಯಾವ ತರಗತಿಯ ಯಾವ ಪಾಠ, ಪೀರಿಯಡ್‌ನಲ್ಲಿ ಎಷ್ಟು ಹೊತ್ತು, ಎಷ್ಟು ದುಡ್ಡು. ಇವು ಮೊದಲ ನಾಲ್ಕು ಸಾಲಿನೊಳಗೆ ಬಂದುಬಿಡಬೇಕು.

ವಿಡಿಯೊವನ್ನು ಈಮೇಲ್‌ಗೇ ಲಗತ್ತಿಸಬೇಕೆಂಬ ಹಟವೂ ಬೇಡ. ಸಾಧಾರಣ ಗುಣಮಟ್ಟದ ಮೂರು ನಿಮಿಷದ ವಿಡಿಯೊ 45 ಎಂಬಿ ಆಗುತ್ತದೆ, ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಈಮೇಲ್‌ನಲ್ಲಿ ಲಿಂಕ್ ಕೊಟ್ಟು, ಅದೇ ವಿಡಿಯೊವನ್ನು ಪೆನ್‌ಡ್ರೈವ್‌ನಲ್ಲಿ ತಂದು ಶಾಲೆಯ ಟಿವಿಗೇ ಚುಚ್ಚಿ ತೋರಿಸುತ್ತೇನೆಂದು ಬರೆದರೆ ಸಾಕು.

ನಂಬಿಕೆ: ಸ್ಪಷ್ಟವಾಗಿ ವಿವರಿಸಿದರೆ ಮಕ್ಕಳು ಕಲಿಯುತ್ತಾರೆ

ಎಲ್ಲಕ್ಕಿಂತ ದೊಡ್ಡ ತಪ್ಪು ಇದು. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಮುಲ್ಲರ್ ಇದನ್ನೇ ತಮ್ಮ ಪಿಎಚ್‌ಡಿ ವಿಷಯ ಮಾಡಿಕೊಂಡು 2008ರಲ್ಲಿ ಮುಗಿಸಿದರು. ಮುಂದೆ ವೆರಿಟೇಸಿಯಮ್ ಎಂಬ ಯೂಟ್ಯೂಬ್ ಚಾನೆಲ್ ಕಟ್ಟಿದವರು ಅವರೇ. ಭೌತಶಾಸ್ತ್ರದ ವಿಷಯವನ್ನು ನೇರವಾಗಿ, ಸ್ಪಷ್ಟವಾಗಿ ವಿವರಿಸುವ ವಿಡಿಯೊ ನೋಡಿದ ವಿದ್ಯಾರ್ಥಿಗಳು ‘ಚೆನ್ನಾಗಿ ಅರ್ಥವಾಯಿತು’ ಎಂದರು, ಪರೀಕ್ಷೆಯಲ್ಲಿ ಮಾತ್ರ ಅಂಕ ಏರಲಿಲ್ಲ. ಜನರಲ್ಲಿರುವ ತಪ್ಪು ತಿಳಿವಳಿಕೆಯನ್ನು ಮೊದಲು ಒಬ್ಬರ ಬಾಯಲ್ಲಿ ಆಡಿಸಿ, ಆಮೇಲೆ ಅದನ್ನು ಬಿಡಿಸುವ ವಿಡಿಯೊ ನೋಡಿದವರು ‘ಗೊಂದಲವಾಯಿತು’ ಎಂದರು, ಆದರೆ ಅವರ ಅಂಕ ಏರಿತು. ತಲೆಯಲ್ಲಿ ಮೊದಲೇ ಒಂದು ಉತ್ತರ ಕೂತಿದ್ದರೆ, ‘ಇದು ನನಗೆ ಗೊತ್ತಿರುವುದೇ’ ಎಂದುಕೊಂಡು ಮನಸ್ಸು ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆದ್ದರಿಂದ ಈಗ ನನ್ನ ಈಮೇಲ್ ಶುರುವಾಗುವುದು ಮಕ್ಕಳ ಒಂದು ತಪ್ಪು ಉತ್ತರದಿಂದ. ಮಧ್ಯಾಹ್ನ ಸೂರ್ಯ ಎಲ್ಲಿರುತ್ತಾನೆ ಎಂದು ಕೇಳಿ ನೋಡಿ, ‘ನೆತ್ತಿ ಮೇಲೆ’ ಎನ್ನುತ್ತಾರೆ. ದೊಡ್ಡವರೂ ಅದನ್ನೇ ಹೇಳುತ್ತೇವೆ, ನಮ್ಮ ಮಾತಿನಲ್ಲೇ ಅದು ಬೆರೆತುಹೋಗಿದೆ. ಆದರೆ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಸೂರ್ಯ ನಿಜವಾಗಿ ನೆತ್ತಿಗೆ ಬರುವುದು ವರ್ಷದಲ್ಲಿ ಎರಡೇ ಸಲ. ಏಪ್ರಿಲ್ ಕೊನೆಗೆ ಒಮ್ಮೆ, ಆಗ ಶಾಲೆಗೆ ರಜೆ. ಇನ್ನೊಮ್ಮೆ ಆಗಸ್ಟ್ ಮಧ್ಯದಲ್ಲಿ. ಈ ಊರುಗಳು 14ರಿಂದ 14.5 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇವೆ, ಆಗಸ್ಟ್ 15ರ ಸುಮಾರಿಗೆ ಸೂರ್ಯ ಈ ಅಕ್ಷಾಂಶವನ್ನು ದಾಟುತ್ತಾ ದಕ್ಷಿಣಕ್ಕೆ ಇಳಿಯುತ್ತಿರುತ್ತಾನೆ. ಅಂದರೆ ಸ್ವಾತಂತ್ರ್ಯ ದಿನದಂದು ಶಾಲೆಯ ಧ್ವಜಸ್ತಂಭಕ್ಕೆ ಮಧ್ಯಾಹ್ನ ನೆರಳೇ ಇರುವುದಿಲ್ಲ ಎನ್ನಬಹುದು. ಅದೂ ಹನ್ನೆರಡು ಗಂಟೆಗಲ್ಲ, ಹನ್ನೆರಡೂವರೆಗೆ. ಗಡಿಯಾರ ತೋರಿಸುವ ಭಾರತೀಯ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಆರೇಳು ಡಿಗ್ರಿ ಪಶ್ಚಿಮಕ್ಕಿದ್ದೇವೆ.

ಕಳೆದ ಸಲ ಕಳಿಸಿದ ಈಮೇಲ್‌ನ ಮುಖ್ಯ ಭಾಗ ಇದು:

“ಮಾನ್ಯರೇ, ನಿಮ್ಮ ಏಳನೇ ತರಗತಿಯ ಮಕ್ಕಳು ಜೂನ್ 21ರಂದು ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟರೆ, ಮಧ್ಯಾಹ್ನ 12.30ಕ್ಕೆ ಅದರ ನೆರಳು ದಕ್ಷಿಣಕ್ಕೆ ಸುಮಾರು 16 ಸೆಂಟಿಮೀಟರ್ ಬೀಳುತ್ತದೆ. ಆಗಸ್ಟ್ 15ಕ್ಕೆ ನೆರಳು ಮಾಯವಾಗುತ್ತದೆ. ಡಿಸೆಂಬರ್ 22ಕ್ಕೆ ಉತ್ತರಕ್ಕೆ ಮುಕ್ಕಾಲು ಮೀಟರ್ ಚಾಚುತ್ತದೆ. ಏಕೆ ಎಂಬುದನ್ನು ಮೂರು ನಿಮಿಷದ ಮೂರು ವಿಡಿಯೊಗಳಲ್ಲಿ ತೋರಿಸುತ್ತೇನೆ. ಪ್ರತಿ ವಿಡಿಯೊಗೆ ಮೊದಲು ಹತ್ತು ನಿಮಿಷ ಮಕ್ಕಳೇ ಅಳೆಯುತ್ತಾರೆ. ಒಂದು ವಿಡಿಯೊದ ಖರ್ಚು 12,000 ರೂಪಾಯಿ. ನಾಲ್ಕು ತಾಲ್ಲೂಕಿನ ನಾಲ್ಕು ಶಾಲೆಗಳು ಸೇರಿದರೆ ನಿಮ್ಮ ಪಾಲು 3,000.”

ಇದರಲ್ಲಿ ಅನಿಮೇಷನ್‌ನ ಕೆಲಸ ಎಲ್ಲಿಂದ ಶುರುವಾಗುತ್ತದೆ ನೋಡಿ. ನೆರಳನ್ನು ನಾನು ಬಿಡಿಸುವುದಿಲ್ಲ, ಅದು ಅಂಗಳದಲ್ಲೇ ಇದೆ. ಅಂಗಳದಿಂದ ಕಾಣದ್ದು ಭೂಮಿಯ ಇಪ್ಪತ್ತಮೂರೂವರೆ ಡಿಗ್ರಿ ಓರೆ. ಅದಕ್ಕೆ ಮಾತ್ರ ಚಿತ್ರ ಬೇಕು. ವಿಡಿಯೊದಲ್ಲಿ ಒಬ್ಬ ಹುಡುಗಿ ‘ದಿನಾ ನೆತ್ತಿ ಮೇಲೇ ಇರ್ತಾನೆ’ ಎಂದು ವಾದಿಸುತ್ತಾಳೆ, ಅವಳ ಎದುರಿಗೇ ಕೋಲಿನ ನೆರಳು ದಕ್ಷಿಣಕ್ಕೆ ಬಿದ್ದಿದೆ. ಮಕ್ಕಳು ಅವಳ ಪರ ವಹಿಸಿ ಕೂಗುವುದನ್ನು ನಾನು ಕೇಳಿದ್ದೇನೆ. ಆ ಕೂಗು ಬಾರದಿದ್ದರೆ ವಿಡಿಯೊ ಕೆಲಸ ಮಾಡಿಲ್ಲ ಎಂದೇ ನನ್ನ ಲೆಕ್ಕ. ಇನ್ನೂ ಗಟ್ಟಿಯಾದ ಅಳತೆಯೂ ಇದೆ: ವಿಡಿಯೊಗೆ ಮುಂಚೆ ಎರಡು ಪ್ರಶ್ನೆ ಕೇಳಿ ಉತ್ತರ ಬರೆಸಿಟ್ಟುಕೊಳ್ಳುವುದು, ಎರಡು ವಾರ ಬಿಟ್ಟು ಅವನ್ನೇ ಮತ್ತೆ ಕೇಳುವುದು. ಅಂದೇ ಕೇಳಿದರೆ ನೆನಪು ಉತ್ತರಿಸುತ್ತದೆ.

ನಂಬಿಕೆ: ನಾನು ಮಾಡಿದ ವಿಡಿಯೊ ನನ್ನದೇ

ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ಒಬ್ಬರು ಹೇಳಿ ಮಾಡಿಸಿದ ಚಲನಚಿತ್ರದ ಮೊದಲ ಹಕ್ಕುದಾರರು ಮಾಡಿಸಿದವರು. ಲೇಖನಕ್ಕೋ ಕವಿತೆಗೋ ಈ ನಿಯಮ ಹೀಗಿಲ್ಲ, ಹಾಗಾಗಿ ಬರೆಯುವ ಗೆಳೆಯರ ಮಾತು ಕೇಳಿ ನಮ್ಮವರು ಮೋಸ ಹೋಗುತ್ತಾರೆ. ಮೊದಲ ಶಾಲೆಗೆ ಸುಮ್ಮನೆ ಮಾಡಿಕೊಟ್ಟು ಹಣ ಪಡೆದರೆ, ಅದೇ ವಿಡಿಯೊವನ್ನು ಜಗಳೂರಿನ ಶಾಲೆಗೆ ಕೊಡಲು ಚನ್ನಗಿರಿಯ ಶಾಲೆಯ ಅನುಮತಿ ಬೇಕಾದೀತು. ನಾಲ್ಕು ಶಾಲೆ ಖರ್ಚು ಹಂಚಿಕೊಳ್ಳುವ ಲೆಕ್ಕವೇ ಆಗ ಮುರಿದುಬೀಳುತ್ತದೆ. ಅದಕ್ಕೇ ಈಮೇಲ್‌ನಲ್ಲಿ ಒಂದು ಸಾಲು ಸೇರಿಸುತ್ತೇನೆ: “ವಿಡಿಯೊದ ಹಕ್ಕು ನನ್ನಲ್ಲಿರುತ್ತದೆ, ನಿಮ್ಮ ಶಾಲೆ ಎಷ್ಟು ವರ್ಷ ಬೇಕಾದರೂ, ಎಷ್ಟು ತರಗತಿಗಾದರೂ ತೋರಿಸಬಹುದು.” ಶಾಲೆ ಒಪ್ಪಿದ ಮೇಲೆ ಇದೇ ಮಾತನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ.

ಹೊನ್ನಾಳಿಯ ಒಬ್ಬ ವಿಜ್ಞಾನ ಮೇಡಂ ಕಳೆದ ಸಲದ ಈಮೇಲ್‌ಗೆ ಉತ್ತರ ಬರೆದು ಒಂದೇ ಪ್ರಶ್ನೆ ಕೇಳಿದರು: “ಆಗಸ್ಟ್‌ನಲ್ಲಿ ನಮ್ಮಲ್ಲಿ ಮೋಡ ಸಾರ್, ಬಿಸಿಲು ಕಾಣದಿದ್ದರೆ?” ನ್ಯಾಯವಾದ ಪ್ರಶ್ನೆ. ಸೂರ್ಯ ಆ ದಿನಗಳಲ್ಲಿ ದಿನಕ್ಕೆ ಸುಮಾರು ಮೂರನೇ ಒಂದು ಡಿಗ್ರಿಯಷ್ಟೇ ಸರಿಯುತ್ತಾನೆ. ಹಾಗಾಗಿ 13ರಿಂದ 17ರವರೆಗೆ ಯಾವ ದಿನ ಹನ್ನೆರಡೂವರೆಗೆ ಬಿಸಿಲು ಬಿದ್ದರೂ ಮೀಟರ್ ಕೋಲಿನ ನೆರಳು ಎರಡು ಸೆಂಟಿಮೀಟರ್ ಮೀರುವುದಿಲ್ಲ. ಐದು ದಿನವೂ ಮೋಡ ಕವಿದರೆ, ಜೂನ್ ಮತ್ತು ಡಿಸೆಂಬರ್‌ನ ಎರಡು ಅಳತೆಗಳನ್ನು ಗೋಡೆಯ ಮೇಲೆ ಒಂದೇ ಹಾಳೆಯಲ್ಲಿ ಬರೆದು, ನಡುವೆ ನೆರಳು ದಕ್ಷಿಣದಿಂದ ಉತ್ತರಕ್ಕೆ ಹೋಗಲು ಎಲ್ಲಿ ಹಾಯಲೇಬೇಕು ಎಂದು ಮಕ್ಕಳನ್ನೇ ಕೇಳಿ ಎಂದು ಬರೆದೆ. ಎರಡನೇ ಈಮೇಲ್‌ನಲ್ಲಿ ಅವರು ಆಡಳಿತ ಮಂಡಳಿಯ ಸಭೆಯ ದಿನಾಂಕ ತಿಳಿಸಿದರು.