ನೆನೆಯಲು ಬಗೆವಾರು, ತುಂಬಲು ಚೀಲವಾರು

ಹುಬ್ಬಳ್ಳಿಯ ಓದುಗರೊಬ್ಬರ ಪ್ರಶ್ನೆ ಇದು. ಮಗಳ ಬಾಣಂತನಕ್ಕೆಂದು ದಂಪತಿ ಬೆಂಗಳೂರಿನಿಂದ ವಿಮಾನ ಹತ್ತಿ ಜರ್ಮನಿಗೆ ಹೊರಟಿದ್ದಾರೆ. ಒಯ್ಯಬೇಕಾದ ಸಾಮಾನನ್ನು ಯಜಮಾನರು ಬಟ್ಟೆ, ಔಷಧಿ, ಕಾಗದಪತ್ರ, ತಿಂಡಿ ಎಂದು ಬಗೆವಾರು ಬರೆದಿದ್ದಾರೆ. ಅವರ ಹೆಂಡತಿ ದೊಡ್ಡ ಸೂಟ್‌ಕೇಸ್, ಕ್ಯಾಬಿನ್ ಬ್ಯಾಗ್, ಹೆಗಲ ಚೀಲ ಎಂದು ಚೀಲವಾರು ಬರೆದಿದ್ದಾರೆ. ಯಾರ ಪಟ್ಟಿ ಸರಿ?

ಇದಕ್ಕೆ ಉತ್ತರ ಹುಡುಕುತ್ತ ಹೋದರೆ 1953ಕ್ಕೆ ತಲುಪುತ್ತೇವೆ. ಆ ವರ್ಷ ವೆಸ್ಟನ್ ಬೌಸ್‌ಫೀಲ್ಡ್ ಎಂಬ ಅಮೆರಿಕದ ಮನೋವಿಜ್ಞಾನಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪ್ರಾಣಿ, ಮನುಷ್ಯರ ಹೆಸರು, ಕಸುಬು, ತರಕಾರಿ ಈ ನಾಲ್ಕು ಬಗೆಗೆ ಸೇರಿದ 60 ಪದಗಳನ್ನು ಕಲಸಿ, ವಿದ್ಯಾರ್ಥಿಗಳ ಮುಂದೆ ಓದಿಸಿದ್ದರು. ನೆನಪಾದದ್ದನ್ನು ತೋಚಿದ ಕ್ರಮದಲ್ಲಿ ಬರೆಯಿರಿ ಎಂದಾಗ ವಿದ್ಯಾರ್ಥಿಗಳು ಕೇಳಿದ ಕ್ರಮದಲ್ಲಿ ಬರೆಯಲಿಲ್ಲ. ಒಂದು ಪ್ರಾಣಿಯ ಹಿಂದೆ ಇನ್ನೊಂದು ಪ್ರಾಣಿ, ಒಂದು ತರಕಾರಿಯ ಹಿಂದೆ ಇನ್ನೊಂದು ತರಕಾರಿ ಗುಂಪುಗುಂಪಾಗಿ ಬಂದವು. ವಿಂಗಡಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

1966ರಲ್ಲಿ ಎಂಡೆಲ್ ಟಲ್ವಿಂಗ್ ಮತ್ತು ಜೆನಾ ಪರ್ಲ್‌ಸ್ಟೋನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೆಲವರಿಗೆ ನೆನಪಿಸಿಕೊಳ್ಳುವಾಗ ಬಗೆಗಳ ಹೆಸರನ್ನು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಹೆಸರು ಸಿಕ್ಕವರು ಬಹಳ ಹೆಚ್ಚು ಪದ ಬರೆದರು. ಏಕೆ ಎಂದು ನೋಡಿದಾಗ ಸ್ವಾರಸ್ಯ ತಿಳಿಯಿತು. ಒಂದು ಬಗೆ ನೆನಪಿಗೆ ಬಂತೆಂದರೆ, ಅದರೊಳಗಿನ ಪದಗಳು ಎರಡೂ ಗುಂಪಿನವರಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ನೆನಪಾಗಿದ್ದವು. ಹೆಸರು ಸಿಗದವರು ಕಳೆದುಕೊಂಡದ್ದು ಇಡೀ ಬಗೆಗಳನ್ನೇ.

ಪ್ರಯಾಣದಲ್ಲೂ ಆಗುವುದು ಇದೇ. ಐದು ಸೀರೆ ಇಟ್ಟವರು ಆರನೆಯದನ್ನು ಮರೆತರೆ ನಷ್ಟವಿಲ್ಲ. ‘ಚಳಿಗೆ ಬೇಕಾದದ್ದು’ ಎಂಬ ಬಗೆಯೇ ಹೊಳೆಯದಿದ್ದರೆ ಸ್ವೆಟರು, ಟೋಪಿ, ಕಾಲುಚೀಲ ಒಟ್ಟಿಗೇ ಮನೆಯಲ್ಲಿ ಉಳಿಯುತ್ತವೆ. ಹೀಗಾಗಿ ಪಟ್ಟಿ ಹುಟ್ಟುವ ಹೊತ್ತಿನಲ್ಲಿ ಯಜಮಾನರದೇ ಸರಿ. ‘ದೊಡ್ಡ ಸೂಟ್‌ಕೇಸ್’ ಎಂಬ ತಲೆಬರಹ ಯಾವ ವಸ್ತುವನ್ನೂ ನೆನಪಿಸುವುದಿಲ್ಲ, ಏಕೆಂದರೆ ಅದರಲ್ಲಿ ಏನು ಬೇಕಾದರೂ ಹಿಡಿಯುತ್ತದೆ.

ಪ್ರಯಾಣದ ಆ್ಯಪುಗಳು ಕೊಡುವ ಸಿದ್ಧ ಪಟ್ಟಿಗಳ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ನೆನಪಿಡಬೇಕಾದ ಪದಗಳಲ್ಲಿ ಕೆಲವನ್ನು ಕಣ್ಣೆದುರೇ ಇಟ್ಟರೆ, ಮಿಕ್ಕವು ಹೆಚ್ಚು ನೆನಪಾಗುವ ಬದಲು ಕಡಿಮೆಯಾಗುತ್ತವೆ ಎಂದು ನಾರ್ಮನ್ ಸ್ಲಮೆಕಾ 1968ರಲ್ಲೇ ತೋರಿಸಿದ್ದರು. ಮೊದಲು ನಿಮ್ಮ ಪಟ್ಟಿ ಬರೆಯಿರಿ, ಆಮೇಲೆ ಸಿದ್ಧ ಪಟ್ಟಿಯೊಂದಿಗೆ ತಾಳೆ ನೋಡಿ.

ತುಂಬಲು ಕುಳಿತಾಗ ಮಾತ್ರ ಬಗೆವಾರು ಪಟ್ಟಿ ಕೈಕೊಡುತ್ತದೆ. ನಮ್ಮ ಹುಬ್ಬಳ್ಳಿ ದಂಪತಿಯ ಪಟ್ಟಿಯಲ್ಲಿ ‘ಚಾರ್ಜರ್, ಪವರ್ ಬ್ಯಾಂಕ್’ ಒಂದೇ ಸಾಲಿನಲ್ಲಿವೆ. ಚಾರ್ಜರ್ ಎಲ್ಲಿದ್ದರೂ ನಡೆಯುತ್ತದೆ. ಪವರ್ ಬ್ಯಾಂಕ್ ಮಾತ್ರ ಕೈಯಲ್ಲೇ ಇರಬೇಕು, ಏಕೆಂದರೆ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸರಕಿನ ಗೂಡಿನಲ್ಲಿ ಆರಿಸುವವರಿಲ್ಲ. ಅದರ ಮಿತಿ 100 ವ್ಯಾಟ್-ಅವರ್. 20,000 ಮಿಲಿಆಂಪ್-ಅವರ್‌ನದಾದರೆ 20 ಆಂಪ್-ಅವರನ್ನು 3.7 ವೋಲ್ಟ್‌ನಿಂದ ಗುಣಿಸಿ, 74 ಬರುತ್ತದೆ, ತೊಂದರೆಯಿಲ್ಲ. ‘ಎಣ್ಣೆ, ಪೇಸ್ಟು’ ಸಾಲಿನದೂ ಇದೇ ಕಥೆ. 200 ಮಿಲಿಲೀಟರಿನ ಕೊಬ್ಬರಿ ಎಣ್ಣೆ ಬಾಟಲಿ ಅರ್ಧ ಖಾಲಿಯಿದ್ದರೂ ದೊಡ್ಡ ಸೂಟ್‌ಕೇಸಿಗೇ ಹೋಗಬೇಕು. 100 ಮಿಲಿಲೀಟರಿನ ನಿಯಮ ಇರುವ ಕಡೆ ಲೆಕ್ಕಕ್ಕೆ ಬರುವುದು ಬಾಟಲಿಯ ಅಳತೆ, ಒಳಗೆ ಉಳಿದದ್ದಲ್ಲ. ಸ್ವೆಟರುಗಳಲ್ಲೂ ಒಂದು ಜೊತೆ ಕೈಗೆ ಸಿಗುವಂತಿರಬೇಕು, ಉಳಿದವು ಕೆಳಗೆ. ಬಗೆವಾರು ಪಟ್ಟಿಯಲ್ಲಿ ‘ಸ್ವೆಟರು’ ಎಂದು ಟಿಕ್ ಬಿದ್ದಿರುತ್ತದೆ, ಎಲ್ಲಾ ದೊಡ್ಡ ಸೂಟ್‌ಕೇಸಿನಲ್ಲೇ ಕುಳಿತಿರುತ್ತವೆ. ತೂಕವೂ ಚೀಲದ್ದೇ ಹೊರತು ಬಗೆಯದ್ದಲ್ಲ.

ಪಟ್ಟಿಯನ್ನು ಎರಡು ಸಲ ಬರೆಯುವ ಕಷ್ಟ ಬೇಡ. ಒಂದು ವಸ್ತುವಿಗೆ ಒಂದು ಸಾಲು ಬರೆದು, ಎದುರಿಗೆ ಅದರ ಬಗೆ, ಅದು ಹೋಗುವ ಚೀಲ ಎರಡನ್ನೂ ನಮೂದಿಸಿ. ಸ್ಪ್ರೆಡ್‌ಶೀಟಿನಲ್ಲಾದರೆ ಮೊದಲು ಬಗೆಯ ಪ್ರಕಾರ ಜೋಡಿಸಿ ಏನಾದರೂ ಬಿಟ್ಟಿದೆಯೇ ನೋಡಬಹುದು, ಆಮೇಲೆ ಚೀಲದ ಪ್ರಕಾರ ಜೋಡಿಸಿ ತುಂಬಬಹುದು. ಎರಡು ಕಡೆ ಹೋಗುವ ಸ್ವೆಟರಿಗೆ ಎರಡು ಸಾಲು ಬೇಕು, ಎಷ್ಟೆಷ್ಟು ಎಂಬುದರ ಸಮೇತ. ಹೊರಡುವ ಬೆಳಗಿನವರೆಗೂ ಬಳಕೆಯಲ್ಲಿರುವ ಕನ್ನಡಕ, ಹಲ್ಲುಜ್ಜುವ ಬ್ರಷ್, ಬಿ.ಪಿ. ಮಾತ್ರೆ ಮುಂತಾದವಕ್ಕೆ ‘ಬೆಳಗ್ಗೆ’ ಎಂದು ಗುರುತು ಹಾಕಿ. ಇವನ್ನು ರಾತ್ರಿಯೇ ಟಿಕ್ ಮಾಡಿಬಿಟ್ಟರೆ ಬಚ್ಚಲಲ್ಲೇ ಉಳಿಯುತ್ತವೆ. ಒಂದೇ ಚೀಲದಲ್ಲಿ ಮೈಸೂರಿಗೆ ಹೋಗಿಬರುವವರಿಗೆ ಈ ಉಸಾಬರಿ ಯಾವುದೂ ಬೇಡ, ಬಗೆವಾರು ಪಟ್ಟಿ ಸಾಕು.

ಸೂಟ್‌ಕೇಸ್ ಬಾರದೇ ಹೋದಾಗ ಚೀಲವಾರು ಪಟ್ಟಿಯ ಬೆಲೆ ತಿಳಿಯುತ್ತದೆ. ದೂರು ಕೊಡುವಾಗ ವಿಮಾನ ಕಂಪನಿಯವರು ಆ ಸೂಟ್‌ಕೇಸಿನೊಳಗೆ ಏನೇನಿತ್ತು ಎಂದು ಕೇಳುತ್ತಾರೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನ ಕಳೆದರೂ ಬಾರದ ಸಾಮಾನನ್ನು ಕಳೆದುಹೋದದ್ದೆಂದು ಪರಿಗಣಿಸಿ ಪರಿಹಾರ ಕೇಳಬಹುದು. ಆಗ ನಾಲ್ಕು ಚೀಲದ ಬಟ್ಟೆ ಒಟ್ಟಿಗೆ ಬರೆದ ಪಟ್ಟಿಯಿಂದ ಪ್ರಯೋಜನವಿಲ್ಲ. ಚೀಲವಾರು ಪಟ್ಟಿಯ ಒಂದು ಫೋಟೊ ಫೋನಿನಲ್ಲಿರಲಿ.