ಒದ್ದೆ ಕೂದಲಿಗೆ ಯಾವ ಬಾಚಣಿಗೆ?

ತಲೆಸ್ನಾನದ ನಂತರ ಬಾಚಣಿಗೆಗೆ ಸಿಕ್ಕಿಕೊಂಡ ಕೂದಲನ್ನು ಉಂಡೆ ಮಾಡಿ ಎಸೆಯುವ ಮುನ್ನ ಒಂದೆರಡು ಎಳೆ ಬಿಡಿಸಿ ನೋಡಬೇಕು. ಉದ್ದನೆಯ ಎಳೆಯ ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಅದು ಬುಡಸಮೇತ ಉದುರಿದ ಕೂದಲು. ದಿನಕ್ಕೆ 50ರಿಂದ 100 ಎಳೆ ಹೀಗೆ ಉದುರುವುದು ಸಹಜ. ಎರಡೂ ತುದಿ ಬರಿದಾಗಿರುವ ಬೆರಳುದ್ದದ ತುಂಡುಗಳೇ ಹೆಚ್ಚಾಗಿದ್ದರೆ ಕತೆ ಬೇರೆ. ಅವು ಉದುರಿದವಲ್ಲ, ತುಂಡಾದವು. ಆಗ ಹೊಸ ಎಣ್ಣೆ ಹುಡುಕುವುದಕ್ಕಿಂತ ಮೊದಲು ಕೈಯಲ್ಲಿರುವ ಬಾಚಣಿಗೆಯನ್ನೂ ಅದನ್ನು ಎಳೆಯುವ ರೀತಿಯನ್ನೂ ಗಮನಿಸುವುದು ಒಳ್ಳೆಯದು.

ಕೂದಲಿನ ಹೊರಮೈಯಲ್ಲಿ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಚಾಚಿಕೊಂಡ ಸಣ್ಣ ಪದರಗಳಿವೆ. ನೀರು ಹೀರಿದಾಗ ಕೂದಲು ಉಬ್ಬಿ ಈ ಪದರಗಳ ಅಂಚು ಏಳುತ್ತದೆ, ಎಳೆಗಳು ಒಂದಕ್ಕೊಂದು ಉಜ್ಜಿಕೊಂಡು ಸಿಕ್ಕಾಗುತ್ತವೆ. ಒಳಗೆ ಕೆರಾಟಿನ್ ಎಂಬ ಪ್ರೋಟೀನನ್ನು ಹಿಡಿದಿಡುವ ಬಂಧಗಳಲ್ಲಿ ಕೆಲವನ್ನು ನೀರು ಬಿಡಿಸಿಬಿಡುತ್ತದೆ. ಹಾಗಾಗಿ ಒದ್ದೆ ಕೂದಲು ಒಣ ಕೂದಲಿಗಿಂತ ಹೆಚ್ಚು ಹಿಗ್ಗುತ್ತದೆ, ಕಡಿಮೆ ಬಲಕ್ಕೇ ತುಂಡಾಗುತ್ತದೆ. ಎಳೆದಾಗ ಹಿಗ್ಗಿ ಬರುವುದರಿಂದ ಸಿಕ್ಕು ಬಿಡುತ್ತಿದೆ ಎಂದೇ ಕೈಗೆ ಅನ್ನಿಸುತ್ತದೆ. ಮೋಸ ಇರುವುದು ಅಲ್ಲಿಯೇ.

ಅಗಲ ಹಲ್ಲಿನ ಬಾಚಣಿಗೆಗೂ ಪ್ಯಾಡಲ್ ಬ್ರಷ್‌ಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಅಗಲ ಹಲ್ಲಿನದರಲ್ಲಿ ಒಂದೇ ಸಾಲು. ಹಲ್ಲುಗಳ ನಡುವೆ ಸಾಕಷ್ಟು ಜಾಗ ಇರುವುದರಿಂದ ಸಣ್ಣ ಸಿಕ್ಕು ಸಡಿಲಗೊಳ್ಳಲು ಎಡೆ ಸಿಗುತ್ತದೆ. ಪ್ಯಾಡಲ್ ಬ್ರಷ್ಷೆಂದರೆ ಚಪ್ಪಟೆ ಹಲಗೆ, ಅದರ ಮೇಲೆ ರಬ್ಬರ್ ಮೆತ್ತೆ, ಮೆತ್ತೆಯಲ್ಲಿ ಸಾಲು ಸಾಲು ಕಡ್ಡಿಗಳು. ಒದ್ದೆ ಕೂದಲಲ್ಲಿ ಒಂದು ಸಾಲಿನಿಂದ ತಪ್ಪಿಸಿಕೊಂಡ ಎಳೆಯನ್ನು ಹಿಂದಿನ ಸಾಲು ಹಿಡಿಯುತ್ತದೆ, ಸಿಕ್ಕು ಬಿಗಿಯುತ್ತಾ ಕೆಳಗಿಳಿಯುತ್ತದೆ. ಒದ್ದೆಗೆಂದೇ ಮಾಡಿದ, ಸುಲಭವಾಗಿ ಬಾಗುವ ಕಡ್ಡಿಗಳ ಬ್ರಷ್‌ಗಳೂ ಸಿಗುತ್ತವೆ. ಅವು ಇಷ್ಟು ಕಾಡುವುದಿಲ್ಲ. ದಪ್ಪ ಕೂದಲಿಗೆ ಮಾತ್ರ ಬಾಚಣಿಗೆಯೇ ವಾಸಿ.

ಕೊಳ್ಳುವಾಗ ಬಾಚಣಿಗೆಯ ಹಲ್ಲುಗಳ ನಡುವೆ ಉಗುರು ಆಡಿಸಿ ನೋಡಬೇಕು. ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಕಡೆ ಚೂಪಾದ ಏಣು ಉಳಿದಿರುತ್ತದೆ. ಅದು ಎಳೆಯ ಮೇಲ್ಪದರವನ್ನು ಪ್ರತಿ ಸಲವೂ ಕೆರೆಯುತ್ತದೆ. ಮರದ್ದಾದರೆ ಸಿಬಿರು ಎದ್ದಿರಬಾರದು.

ಸೊಂಟದವರೆಗಿನ ಅಲೆಗೂದಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೂದಲು ತಿಂಗಳಿಗೆ ಸುಮಾರು 1.25 ಸೆಂಟಿಮೀಟರ್ ಬೆಳೆಯುತ್ತದೆ. 60 ಸೆಂಟಿಮೀಟರ್ ಉದ್ದದ ಎಳೆಯ ತುದಿಗೆ ನಾಲ್ಕು ವರ್ಷ ವಯಸ್ಸು! ಅಷ್ಟು ಕಾಲದ ಬಿಸಿಲು, ಶ್ಯಾಂಪೂ, ಜಡೆಯ ಬಿಗಿತಕ್ಕೆ ಅಲ್ಲಿನ ಮೇಲ್ಪದರ ಸವೆದಿರುತ್ತದೆ. ನೆತ್ತಿಯಿಂದ ಒಂದೇ ಎಳೆತಕ್ಕೆ ಬಾಚಿದರೆ ದಾರಿಯ ಸಿಕ್ಕೆಲ್ಲ ಒಟ್ಟುಗೂಡಿ ಬಂದು ನಿಲ್ಲುವುದು ಆ ಸವೆದ ತುದಿಯಲ್ಲೇ.

ಆದ್ದರಿಂದ ಕೆಲಸ ಸ್ನಾನಕ್ಕೆ ಮುಂಚೆಯೇ ಶುರುವಾಗಬೇಕು. ಒಣಗಿರುವಾಗಲೇ ಸಿಕ್ಕು ಬಿಡಿಸಿ ಎಣ್ಣೆ ಹಚ್ಚುವುದು ಕ್ರಮ. ಅದು ಕೊಬ್ಬರಿ ಎಣ್ಣೆಯಾದರೆ ಇನ್ನೂ ಒಳ್ಳೆಯದು: ತೊಳೆಯುವ ಮೊದಲು ಹಚ್ಚಿದರೆ ಕೂದಲಿನ ಪ್ರೋಟೀನ್ ನಷ್ಟ ಕಡಿಮೆಯಾಗುತ್ತದೆ ಎಂದು ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಸ್ನಾನದ ಬಳಿಕ ಟವೆಲಿನಿಂದ ತಿಕ್ಕದೆ, ಒತ್ತಿ ನೀರು ತೆಗೆದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಡಬೇಕು. ಆಮೇಲೆ ಕೂದಲನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗವನ್ನೂ ತುದಿಯಿಂದ ನಾಲ್ಕು ಬೆರಳು ಮೇಲೆ ಮುಷ್ಟಿಯಲ್ಲಿ ಹಿಡಿದುಕೊಂಡು, ಮುಷ್ಟಿಯ ಕೆಳಗಿನಷ್ಟನ್ನು ಮಾತ್ರ ಬಾಚಬೇಕು. ಹೀಗೆ ಹಿಡಿದರೆ ಎಳೆತ ಬುಡಕ್ಕೆ ತಾಗುವುದಿಲ್ಲ. ಅಲ್ಲಿ ಬಾಚಣಿಗೆ ಸಲೀಸಾಗಿ ಹರಿದ ಮೇಲೆ ಮುಷ್ಟಿಯನ್ನು ಇನ್ನಷ್ಟು ಮೇಲಕ್ಕೆ ಸರಿಸಬೇಕು. ಗಂಟು ಸಿಕ್ಕರೆ ಎರಡು ಹನಿ ಎಣ್ಣೆಯೋ ಕಂಡಿಷನರೋ ಸವರಿ, ಬೆರಳಿನಿಂದ ಅಗಲಿಸಬೇಕು. ಚಟ್ ಎಂಬ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಇನ್ನೂ ಕೆಳಗಿನಿಂದ ಮತ್ತೆ ಶುರುಮಾಡಬೇಕು.

ಪ್ಯಾಡಲ್ ಬ್ರಷ್‌ನ ಸರದಿ ಕೂದಲು ಪೂರ್ತಿ ಒಣಗಿದ ಮೇಲೆ. ಸಿಕ್ಕಿಲ್ಲದ ಉದ್ದ ಕೂದಲನ್ನು ನಯವಾಗಿ ಕೂರಿಸಲು ಅದು ಚೆನ್ನ. ಕಡ್ಡಿಯ ತುದಿಯ ಗುಂಡು ಕಳಚಿದ್ದರೆ ಬ್ರಷ್ ಬದಲಿಸಬೇಕು. ಬೋಳು ಕಡ್ಡಿ ನೆತ್ತಿಯನ್ನೂ ಗೀಚುತ್ತದೆ.

ಗುಂಗುರು ಕೂದಲಿನವರಿಗೆ ಮಾತ್ರ ಈ ಲೆಕ್ಕದಲ್ಲಿ ಒಂದು ಭಾಗ ತಿರುವುಮುರುವು. ಒಣಗಿದಾಗ ಸುರುಳಿಗಳು ಒಂದರೊಳಗೊಂದು ಹೆಣೆದುಕೊಂಡು ಬಾಚಣಿಗೆಗೆ ಹೆಚ್ಚು ಅಡ್ಡ ಬರುತ್ತವೆ. ಆದ್ದರಿಂದ ಅವರು ಕೂದಲು ಒದ್ದೆಯಿರುವಾಗಲೇ, ಧಾರಾಳವಾಗಿ ಕಂಡಿಷನರ್ ಹಚ್ಚಿಕೊಂಡು, ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ ನಂತರ ತೊಳೆದುಕೊಳ್ಳುವುದು ಸರಿ. ಇಷ್ಟೆಲ್ಲ ಮಾಡಿಯೂ ತುಂಡುಗಳು ಕಡಿಮೆಯಾಗದೆ, ಎಳೆಯ ನಡುವೆ ಬಿಳಿ ಚುಕ್ಕಿಗಳು ಕಂಡು ಅಲ್ಲಲ್ಲೇ ಮುರಿಯುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಬೇಕು. ಕೂದಲಿನ ಒಳಪದರವೇ ಹಾನಿಗೊಂಡಿರುವ ಲಕ್ಷಣ ಅದು.